ಬೋರ್ಡಿನ ಬಾಗಿಲ ಒಳಗಿನ ಚೀಟಿ

ಕೀರ್ತಿರಾಜ್ ಯಾವ ಬೋರ್ಡ್ ಕೆಲಸ ಮುಗಿಸಿದರೂ ಅದರ ಬಾಗಿಲ ಒಳಗಡೆ ಒಂದು ಚೀಟಿ ಅಂಟಿಸುತ್ತಿದ್ದ. ಯಾವ ವೈರು ಎಲ್ಲಿಗೆ ಹೋಗುತ್ತದೆ, ಯಾವ ಫ್ಯೂಸ್ ಯಾವುದಕ್ಕೆ, ಕೆಲಸ ಮುಗಿಸಿದ ತಾರೀಖು, ತನ್ನ ಹೆಸರು, ಫೋನ್ ನಂಬರ್. ನೀಲಿ ಬಾಲ್ ಪೆನ್ನಿನಲ್ಲಿ ದುಂಡಗೆ ಬರೆದು, ನಾಲ್ಕು ಮೂಲೆಗೂ ಸೆಲೋಟೇಪ್ ಹಾಕುತ್ತಿದ್ದ. ಮುಂದೆ ಎಂದಾದರೂ ಅದೇ ಬೋರ್ಡಿನ ರಿಪೇರಿಗೆ ಹೋದರೆ, ಏನು ಕೆಟ್ಟಿತ್ತು, ಏನು ಬದಲಾಯಿಸಿದೆ ಎಂದು ಅದರ ಕೆಳಗೇ ಇನ್ನೊಂದು ಸಾಲು ಸೇರಿಸುತ್ತಿದ್ದ. ಜೊತೆಯವರು ನಗುತ್ತಿದ್ದರು. 'ಇವನು ಬೋರ್ಡಿಗೆ ಜಾತಕ ಬರೀತಾನೆ ಕಣ್ರಲಾ' ಎನ್ನುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಬರೆಯುವುದನ್ನು ಬಿಡಲಿಲ್ಲ.

ಅವನದು ಕಟ್ಟಾಯ ಹೋಬಳಿಯ ಒಂದು ಸಣ್ಣ ಊರು. ಮನೆಯವರು ಆಲೂಗಡ್ಡೆ, ಜೋಳ ಬೆಳೆಯುವವರು. ಹಾಸನದ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿ, ವೈರ್‌ಮನ್ ಪರ್ಮಿಟ್ ತೆಗೆದುಕೊಂಡಿದ್ದ. ಹದಿನಾಲ್ಕು ವರ್ಷ ಕೆಲಸ ಮಾಡಿದ್ದ. ಆದರೆ ಆ ಹದಿನಾಲ್ಕು ವರ್ಷಕ್ಕೆ ಅವನ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಮೊದಲು ಸೇರಿದ್ದ ಕಾಂಟ್ರಾಕ್ಟರ್ ಅಂಗಡಿ ಮುಚ್ಚಿ ಊರು ಬಿಟ್ಟಿದ್ದ. ಆಮೇಲೆಲ್ಲ ಕರೆದಲ್ಲಿಗೆ ಹೋಗುವ ಬಿಡಿ ಕೆಲಸ. ಸೂಪರ್‌ವೈಸರ್ ಪರ್ಮಿಟ್‌ಗೆ ಅರ್ಜಿ ಹಾಕಬೇಕೆಂಬುದು ಅವನ ಬಹುದಿನದ ಆಸೆ. ಅದಕ್ಕೆ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಒಬ್ಬರು ಕೊಟ್ಟ ಅನುಭವ ಪತ್ರ ಬೇಕು. ಪತ್ರ ಬೇಕೆಂದರೆ ಅಂಥವರ ಕೆಲಸಗಾರರ ಪಟ್ಟಿಯಲ್ಲಿ ಹೆಸರು ಸೇರಬೇಕು. ಅವನಿಗಾಗಲೇ ಮೂವತ್ತೇಳು.

ಹೊಳೆನರಸೀಪುರದ ವರದರಾಜ ಅಂಥ ಕಾಂಟ್ರಾಕ್ಟರ್. ಕಚೇರಿ ಹಾಸನದಲ್ಲಿ. ಅರಕಲಗೂಡು ಕಡೆಯ ಹಳ್ಳಿಗಳ ಕುಡಿಯುವ ನೀರಿನ ಪಂಪ್‌ಹೌಸ್‌ಗಳ ವಿದ್ಯುತ್ ಕೆಲಸ ಅವರಿಗೆ ಬಂದಿತ್ತು, ಎರಡು ವರ್ಷದ ಕೆಲಸ. ಆ ಸುದ್ದಿ ಕೀರ್ತಿರಾಜನಿಗೆ ಸಿಕ್ಕಿದ್ದು ಹಾಸನದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ, ಕೇಬಲ್ ಅಳೆಸುತ್ತ ನಿಂತಿದ್ದಾಗ.

'ಅವ್ರಿಗೆ ಫೋನ್ ಮಾಡ್ಬೇಡ,' ಎಂದ ಅಂಗಡಿಯ ದಿಲೀಪ್. 'ಎತ್ತಲ್ಲ. ಎಮ್ಮೆಲ್ಲೆ ಕಡೆಯವ್ರು, ಬೀಗರ ಕಡೆಯವ್ರು ಅಂತ ಯಾರ ಕೈಲಾದ್ರೂ ಹೇಳ್ಸಿದ್ಯೋ, ಮುಗೀತು ನಿನ್ ಕಥೆ. ಮೆಸೇಜ್ ಹಾಕು. ಚಿಕ್ಕದಾಗಿರ್ಲಿ. ಹೋಗಿ ನೋಡೋಕಾಗೋ ಅಂಥ ಒಂದು ಕೆಲಸದ ಹೆಸ್ರು ಬರಿ.'

'ನೋಡಾಕೆ ಬತ್ತಾರಾ?'

'ಬರ್ತಾರೆ. ಆಳನ್ನ ಆಮೇಲೆ ನೋಡ್ತೀನಿ, ಮೊದ್ಲು ಬೋರ್ಡ್ ನೋಡ್ತೀನಿ ಅಂತಾರೆ. ಹೇಳ್ದೆ ಕೇಳ್ದೆ ಹೋಗಿ ಬಾಗಿಲು ತೆಗೆದು ನೋಡಿ ಬರ್ತಾರೆ. ಸೊಸೆ ಹುಡುಕೋರು ಹಿತ್ಲು ನೋಡಿ ಬಂದಂಗೆ.'

ಅಂದು ಸಂಜೆ ಕೀರ್ತಿರಾಜ್ ಮನೆಯ ಜಗಲಿಯ ಮೇಲೆ ಕೂತು ಮೆಸೇಜ್ ಬರೆಯತೊಡಗಿದ. ತಂದೆಯ ಹೆಸರಿನಿಂದ ಆರಂಭವಾದದ್ದು, ಐಟಿಐನಲ್ಲಿ ಬಂದ ಅಂಕ, ಹಳೆಯ ಕಾಂಟ್ರಾಕ್ಟರ್ ಊರು ಬಿಟ್ಟ ವಿವರ, ಮನೆಯ ಕಷ್ಟ ಎಲ್ಲ ಸೇರಿ ಫೋನಿನ ಪರದೆಯನ್ನು ಮೂರು ಸಲ ಮೇಲೆ ತಳ್ಳುವಷ್ಟು ಉದ್ದವಾಯಿತು. ಹೆಂಡತಿ ರೂಪಶ್ರೀಗೆ ತೋರಿಸಿದ. ಅವಳು ಊರಿನ ಅಂಗನವಾಡಿಯ ಕಾರ್ಯಕರ್ತೆ. ಮೇಲಿನವರಿಗೆ ದಿನವೂ ವರದಿ ಕಳಿಸಿ ಅಭ್ಯಾಸವಿದ್ದವಳು.

'ಏನ್ರೀ ಇದು, ವರದಿನೋ ವಂಶಾವಳಿನೋ? ಅವ್ರಿಗೆ ನಿಮ್ಮಪ್ಪನ ಹೆಸ್ರು ಯಾಕ್ ಬೇಕು? ಹೆಣ್ಣು ಕೇಳಾಕೆ ಬಂದವ್ರಾ?'

'ಮರ್ಯಾದೆಯಾಗಿ ಇರ್ಲಿ ಅಂತ ಬರ್ದೆ ಕಣೇ.'

'ನಮಸ್ಕಾರದಲ್ಲಿ ಮರ್ಯಾದೆ ಐತೆ, ವಿನಂತಿಲಿ ಐತೆ. ಅಷ್ಟು ಸಾಕು. ಕಷ್ಟ ತೆಗೀರಿ. ಕಷ್ಟ ಯಾರಿಗಿಲ್ಲ? ನೀವ್ಯಾರು, ಏನ್ ಬರುತ್ತೆ, ಎಲ್ಲಿ ನೋಡ್ಬೋದು, ಯಾವತ್ತು ಬತ್ತೀರಿ. ಅದನ್ನೇಳಿ.'

ಕತ್ತರಿಸಿ ಕತ್ತರಿಸಿ ಕಡೆಗೆ ಇಷ್ಟು ಉಳಿಯಿತು:

'ಮಾನ್ಯ ವರದರಾಜ ಅವರಿಗೆ ನಮಸ್ಕಾರಗಳು. ನಾನು ಕೀರ್ತಿರಾಜ್, ಎಲೆಕ್ಟ್ರಿಷಿಯನ್, ಕಟ್ಟಾಯ ಹೋಬಳಿ. ಐಟಿಐ ಆಗಿದೆ, ವೈರ್‌ಮನ್ ಪರ್ಮಿಟ್ ಚಾಲ್ತಿಯಲ್ಲಿದೆ. ವೈರಿಂಗ್, ಮೋಟಾರ್ ಸ್ಟಾರ್ಟರ್ ಮತ್ತು ಪಂಪ್‌ಹೌಸ್ ಬೋರ್ಡ್ ಕೆಲಸದಲ್ಲಿ ಹದಿನಾಲ್ಕು ವರ್ಷದ ಅನುಭವ. ತಮ್ಮ ಅರಕಲಗೂಡು ಭಾಗದ ಕೆಲಸಕ್ಕೆ ನನ್ನನ್ನು ಪರಿಗಣಿಸಬೇಕೆಂದು ವಿನಂತಿ. ನನ್ನ ಕೆಲಸ ನೋಡಲು: ಹೊನ್ನೇನಕೊಪ್ಪಲು ಪಂಪ್‌ಹೌಸ್ ಬೋರ್ಡ್. ಕರೆದ ದಿನ ಬರುತ್ತೇನೆ.'

ಪರ್ಮಿಟ್ಟಿನ ಫೋಟೋ ಜೊತೆಗಿಟ್ಟು ಕಳಿಸಿದ. ಅದು ಬುಧವಾರ.

ಹೊನ್ನೇನಕೊಪ್ಪಲಿನ ಬೋರ್ಡನ್ನು ಹೆಸರಿಸಲು ಅವನು ಯೋಚಿಸಬೇಕಾಗಿಯೇ ಬರಲಿಲ್ಲ. ಆರು ವರ್ಷದ ಹಿಂದೆ ಒಬ್ಬನೇ ಕೂತು ನಾಲ್ಕು ದಿನ ಮಾಡಿದ ಕೆಲಸ ಅದು. ವೈರುಗಳು ಬಾಚಿದ ಕೂದಲಿನಂತೆ ಸಾಲಾಗಿ ಇಳಿದಿದ್ದವು. ಆ ಬೋರ್ಡು ಅವನ ಮನಸ್ಸಿನಲ್ಲಿ ಮಾಡಿದ ದಿನ ಹೇಗಿತ್ತೋ ಹಾಗೆಯೇ ಉಳಿದಿತ್ತು. ಹೆಸರು ಕೊಡುವ ಮೊದಲು ಒಮ್ಮೆ ಹೋಗಿ ನೋಡಿ ಬರಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಶನಿವಾರ ಸಂಜೆ ಉತ್ತರ ಬಂತು. ಜೊತೆಗೊಂದು ಫೋಟೋ.

'ಬೋರ್ಡ್ ನೋಡಿದೆ. ಪ್ರಿವೆಂಟರ್ ಬೈಪಾಸ್ ಆಗಿದೆ. ಚೀಟಿಯಲ್ಲಿರುವ ಫೋನ್ ನಂಬರ್ ನಿಮ್ಮದಲ್ಲ.'

ಅಷ್ಟೇ. ಬೈಗುಳ ಇರಲಿಲ್ಲ, ಪ್ರಶ್ನೆಯೂ ಇರಲಿಲ್ಲ.

ಮೂರು ಫೇಸಿನಲ್ಲಿ ಒಂದು ಕೈಕೊಟ್ಟರೆ ಮೋಟಾರನ್ನು ತಾನಾಗಿ ನಿಲ್ಲಿಸುವ ಸಣ್ಣ ಪೆಟ್ಟಿಗೆ ಪ್ರಿವೆಂಟರ್. ಅದನ್ನು ಬೈಪಾಸ್ ಮಾಡುವುದೆಂದರೆ, ಬೊಗಳುತ್ತದೆ ಎಂದು ಕಾವಲು ನಾಯಿಯ ಬಾಯಿ ಕಟ್ಟಿದ ಹಾಗೆ. ಫೋಟೋದಲ್ಲಿ ಕೀರ್ತಿರಾಜನ ಒಪ್ಪವಾದ ವೈರುಗಳ ನಡುವೆ ಒಂದು ಕೆಂಪು ತುಂಡು ವೈರು ಪ್ರಿವೆಂಟರಿನ ಎರಡು ತುದಿಗಳನ್ನು ಅಡ್ಡಲಾಗಿ ಸೇರಿಸಿತ್ತು. ಪಕ್ಕದಲ್ಲೇ ಅವನ ಚೀಟಿ. ಚೀಟಿಯ ಒಂದು ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು: 'ಪ್ರಿವೆಂಟರ್ ಬೈಪಾಸ್ ಮಾಡಬೇಡಿ. ಟ್ರಿಪ್ ಆದರೆ ಫೋನ್ ಮಾಡಿ.' ಅದರ ಕೆಳಗೆ ಅವನ ಹೆಸರು, ಹಳೆಯ ನಂಬರ್.

ಆ ನಂಬರು ಹೋಗಿ ಮೂರು ವರ್ಷವಾಗಿತ್ತು. ಬೂವನಹಳ್ಳಿಯ ಒಂದು ಮನೆಯಲ್ಲಿ ಕೆಲಸ ಮಾಡುವಾಗ ಫೋನು ನೀರಿನ ಸಂಪಿನೊಳಗೆ ಬಿದ್ದಿತ್ತು. ಸಿಮ್ಮು ಚಿಕ್ಕಪ್ಪನ ಹೆಸರಿನಲ್ಲಿತ್ತು, ಚಿಕ್ಕಪ್ಪ ಆ ವೇಳೆಗೆ ತೀರಿಹೋಗಿದ್ದರು. ಅದೇ ನಂಬರ್ ಮತ್ತೆ ಕೊಡಲಾಗುವುದಿಲ್ಲ ಎಂದರು. ಹೊಸದು ತಂದು ನೆಂಟರಿಗೆ, ಸ್ನೇಹಿತರಿಗೆ, ಗಿರಾಕಿಗಳಿಗೆ ತಿಳಿಸಿದ. ಬೋರ್ಡುಗಳಿಗೆ ತಿಳಿಸಲಿಲ್ಲ.

ಈಗ ವರದರಾಜರ ಕಣ್ಣಿಗೆ ಅವನು ಎರಡರಲ್ಲೊಂದು. ಅದೇ ಹೆಸರಿನ ಬೇರೊಬ್ಬನ ಕೆಲಸವನ್ನು ತನ್ನದೆಂದು ಬರೆದ ಸುಳ್ಳುಗಾರ. ಇಲ್ಲವೇ ಪ್ರಿವೆಂಟರ್ ಬೈಪಾಸ್ ಮಾಡುವ ಎಲೆಕ್ಟ್ರಿಷಿಯನ್. ಎರಡಕ್ಕೂ ಅವರ ಪಟ್ಟಿಯಲ್ಲಿ ಜಾಗವಿಲ್ಲ.

'ಬೈಪಾಸ್ ಮಾಡಿದ್ದು ನಾನಲ್ಲ ಅಂತ ಈಗ್ಲೇ ಹಾಕ್ಬಿಡಿ,' ಎಂದಳು ರೂಪಶ್ರೀ.

ಬರೆದ. ಓದಿದ. ಅಳಿಸಿದ. ಸಿಕ್ಕಿಬಿದ್ದವರೆಲ್ಲ ಹೇಳುವ ಮಾತು ಅದೇ ಅಲ್ಲವೇ ಅನ್ನಿಸಿತು.

'ನಾಳೆ ಹೋಗಿ ನೋಡ್ಕಂಡು ಬಂದು ಹಾಕ್ತೀನಿ,' ಎಂದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊನ್ನೇನಕೊಪ್ಪಲಿನಲ್ಲಿದ್ದ. ರಸ್ತೆಯ ಎರಡೂ ಬದಿ ಶುಂಠಿ, ಹೊಗೆಸೊಪ್ಪಿನ ಹೊಲ. ಊರಾಚೆ, ನೀರಿನ ಟ್ಯಾಂಕಿನ ಬುಡದಲ್ಲಿ ಪಂಪ್‌ಹೌಸ್. ಊರಿಗೆ ನೀರು ಬಿಡುವ ನೀರುಗಂಟಿ ಭೀಮ ಹೊಸ್ತಿಲ ಮೇಲೆ ಕೂತು ಬೀಡಿ ಸೇದುತ್ತಿದ್ದ. ಒಳಗೆ ಮೋಟಾರಿನ ಸ್ಟಾರ್ಟರ್ ಗುಂಯ್‌ಗುಡುತ್ತಿತ್ತು. ಆ ಸದ್ದು ಸರಿಯಿಲ್ಲವೆಂದು ಕೀರ್ತಿರಾಜನಿಗೆ ಬಾಗಿಲಲ್ಲೇ ಗೊತ್ತಾಯಿತು.

'ನೆನ್ನೆ ಒಬ್ರು ಬಿಳೀ ಕಾರಲ್ಲಿ ಬಂದ್ರು, ಇವತ್ತು ನೀವು ಬೈಕಲ್ಲಿ,' ಎಂದ ಭೀಮ. 'ಏನ್ಸಾ, ನಮ್ ಪಂಪೋಸ್ ಏನು ದೇವಸ್ಥಾನ ಆಗ್ಬುಡ್ತಾ? ದರ್ಶನಕ್ಕೆ ಬತ್ತಾ ಅವ್ರೆ!'

ಕೀರ್ತಿರಾಜ್ ತನ್ನ ಹೆಸರು ಹೇಳಿದ. ಭೀಮ ಬೀಡಿ ಕೆಳಗಿಟ್ಟು ಎದ್ದು ನಿಂತ.

'ಆ ಚೀಟಿ ಕೀರ್ತಿರಾಜಾ? ಅಯ್ಯೋ ನಿಮ್ಗೆ ಎಷ್ಟ್ ಸಲ ಪೋನ್ ಮಾಡಿವ್ನಿ ಗೊತ್ತಾ! ಓದ್ ವರ್ಸ ಈ ಪೆಟ್ಗೆ ದಿನಕ್ಕೆ ಅತ್ಸಲ ಮೋಟ್ರ್ ನಿಲ್ಲಿಸ್ತಿತ್ತು. ಚೀಟೀಲಿ ಪೋನ್ ಮಾಡಿ ಅಂತ ಬರ್ದದೆ, ಮಾಡ್ದೆ. ಒಬ್ಬಮ್ಮ ಈ ನಂಬರ್ ಅಸ್ತಿತ್ವದಲ್ಲಿಲ್ಲ ಅಂದ್ಲು. ಅಸ್ತಿತ್ವದಲ್ಲೇ ಇಲ್ದೋನು ಬಂದು ಏನ್ ರಿಪೇರಿ ಮಾಡಾನು ಅಂತ ಸುಮ್ಕಾದೆ.'

'ಆಮೇಲೆ?'

'ಆಮೇಲೇನು, ನೀರಿಲ್ಲ ಅಂತ ಎಂಗಸ್ರು ಬಿಂದ್ಗೆ ಇಡ್ಕಂಡು ನಮ್ಮನೆ ಮುಂದೆ ನಿಂತ್ಕಂಡ್ರು. ಪ್ಯಾಟೆಯಿಂದ ಯಾರ್ನೋ ಕರ್ಕಬಂದೆ. ಅವ್ನು ಐದ್ನಿಮಿಷದಲ್ಲಿ ಈ ಕೆಂಪ್ ವೈರ್ ಆಕ್ದ, ಓದ. ಅವತ್ತಿಂದ ನಿಂತಿಲ್ಲ. ಆದ್ರೆ ಮೋಟ್ರ್ ಎರಡ್ಸಲ ಸುಟ್ಟೋಯ್ತು.'

ಕೀರ್ತಿರಾಜ್ ಬೋರ್ಡಿನ ಬಾಗಿಲು ತೆಗೆದ. ಅವನ ಚೀಟಿ ಹಳದಿ ತಿರುಗಿತ್ತು, ಆದರೆ ಅಕ್ಷರಗಳು ಹಾಗೇ ಇದ್ದವು. ಅಂಚಿನ ಖಾಲಿ ಜಾಗದಲ್ಲಿ ಭೀಮ ಪೆನ್ಸಿಲ್ಲಿನಲ್ಲಿ ಗೀಚಿದ್ದ: ಮೇಲಿನ ಕೇರಿ ಆರರಿಂದ ಏಳು, ಕೆಳಗಿನ ಕೇರಿ ಏಳರಿಂದ ಎಂಟು, ಶಾಲೆ ಒಂಬತ್ತು.

'ನಿಂದೂ ಬರ್ಕಂಡಿದೀಯ.'

'ಒಳ್ಳೇ ಜಾಗ ಅಲ್ವಾ ಸಾ. ಮಳೆ ಬೀಳಲ್ಲ, ಮೇಕೆ ತಿನ್ನಲ್ಲ.'

ಬೋರ್ಡು ಪಂಚಾಯಿತಿಯದು. ಕೇಳದೆ ಕೈ ಹಾಕುವಂತಿರಲಿಲ್ಲ. ಭೀಮ ಪಂಚಾಯಿತಿ ಸದಸ್ಯ ರಂಗಸ್ವಾಮಿಗೆ ಫೋನ್ ಮಾಡಿದ. ಹತ್ತು ನಿಮಿಷದಲ್ಲಿ ಅವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದರು. ಐವತ್ತು ದಾಟಿದ ಮನುಷ್ಯ.

'ಏನಪ್ಪಾ, ಆರು ವರ್ಸ ಆದ್ಮೇಲೆ ಗ್ಯಾಪಕ ಬಂತಾ? ಯಾರೂ ಕರೀದೆ ಬಂದಿದೀಯ ಅಂದ್ರೆ ಏನೋ ಇರ್ಬೇಕು.'

'ಇದೆ ಅಣ್ಣ. ಒಂದ್ ಕಡೆ ಕೆಲ್ಸ ಕೇಳಿದೀನಿ. ಈ ಬೋರ್ಡ್ ನೋಡಿ ಅಂತ ಬರ್ದಿದ್ದೆ. ಅವ್ರು ನೋಡಿದ್ರು. ಹಿಂಗೈತೆ.'

'ಅಂಗಾದ್ರೆ ಆ ಕೆಂಪ್ ವೈರ್ ಕಿತ್ತಾಕಿ, ಪೋಟೋ ಒಡ್ದು ಕಳ್ಸಿಬುಟ್ಟು ಓಗಾಕೆ ಬಂದಿದೀಯ. ನೀನು ಓದ್ಮೇಲೆ ಮೋಟ್ರ್ ನಿಂತ್ರೆ? ಇವತ್ತು ಊರಲ್ಲಿ ಎರಡು ಮನೇಲಿ ಬೀಗ್ರೂಟ ಐತೆ ಕಣಪ್ಪ.'

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೆಳಿಗ್ಗೆ ಬರುವಾಗ ದಾರಿಯುದ್ದಕ್ಕೂ ಕೀರ್ತಿರಾಜನ ತಲೆಯಲ್ಲಿದ್ದದ್ದು ಹೆಚ್ಚುಕಡಿಮೆ ಅದೇ. ವೈರು ಕೀಳುವುದು, ಫೋಟೋ ತೆಗೆಯುವುದು, ಕಳಿಸುವುದು. ಈಗ ಸ್ಟಾರ್ಟರಿನ ಸದ್ದು ಕೇಳಿಸಿಕೊಂಡ ಮೇಲೆ ಅದು ಸಾಕಾಗುವುದಿಲ್ಲವೆಂದು ತಿಳಿದಿತ್ತು. ಪ್ರಿವೆಂಟರ್ ಸುಮ್ಮನೆ ಮೋಟಾರ್ ನಿಲ್ಲಿಸುತ್ತಿರಲಿಲ್ಲ. ಏನೋ ಕಂಡೇ ನಿಲ್ಲಿಸುತ್ತಿತ್ತು.

'ಕಾರಣ ಸಿಕ್ದೆ ವೈರ್ ಕೀಳಲ್ಲ ಅಣ್ಣ,' ಎಂದ. 'ಸಿಗ್ಲಿಲ್ಲ ಅಂದ್ರೆ ಇದ್ದಂಗೇ ಬಿಟ್ಟು ಹೋಯ್ತೀನಿ.'

'ಹನ್ನೊಂದ್ರೊಳಗೆ ಟ್ಯಾಂಕ್ ತುಂಬ್ಬೇಕು,' ಎಂದರು ರಂಗಸ್ವಾಮಿ.

ಅವನು ನೆಲದ ಮೇಲೆ ರಬ್ಬರ್ ಮ್ಯಾಟ್ ಹಾಸಿ ನಿಂತು, ಮೋಟಾರ್ ಓಡುತ್ತಿರುವಾಗಲೇ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದ. ಮೂರು ಫೇಸಿನಲ್ಲಿ ಎರಡು ಹತ್ತೊಂಬತ್ತು ಆಂಪಿಯರ್ ದಾಟಿದ್ದವು, ಒಂದು ಹನ್ನೊಂದರಲ್ಲಿತ್ತು. ಎರಡು ಎತ್ತು ಎಳೆಯುತ್ತಿದ್ದವು, ಮೂರನೆಯದು ನೊಗಕ್ಕೆ ಕತ್ತು ಕೊಟ್ಟು ಸುಮ್ಮನೆ ನಡೆಯುತ್ತಿತ್ತು. ಆಮೇಲೆ ವೋಲ್ಟೇಜ್ ನೋಡಿದ. ಮೇನ್ ಸ್ವಿಚ್ಚಿಗೆ ಬರುವ ಕಡೆ ಮೂರೂ ಸರಿ. ಅಲ್ಲಿಂದ ಹೊರಡುವ ಕಡೆ ಒಂದು ಫೇಸ್ ಕುಸಿದಿತ್ತು. ಅಂದರೆ ತಪ್ಪು ಲೈನಿನಲ್ಲಿಲ್ಲ, ಪ್ರಿವೆಂಟರಿನಲ್ಲೂ ಇಲ್ಲ. ಗೇಣುದ್ದದ ಮೇನ್ ಸ್ವಿಚ್ಚಿನೊಳಗೇ ಎಲ್ಲೋ ಇದೆ.

ಮೋಟಾರ್ ನಿಲ್ಲಿಸಿದ. ಮೇನ್ ಸ್ವಿಚ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ಟೆಸ್ಟ್ ಲ್ಯಾಂಪನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ಅದು ಉರಿಯುತ್ತದೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೊರಡುವ ಕಡೆಯ ಮೂರೂ ತುದಿಗೆ ಹಿಡಿದು ಉರಿಯುವುದಿಲ್ಲವೆಂದು ನೋಡಿದ. ಅಷ್ಟಾದ ಮೇಲೆ ಕೈ ಹಾಕಿದ. ಮೂರನೆಯ ಫೇಸಿನ ಕೇಬಲ್ ತುದಿಯ ಲಗ್, ಎಂದರೆ ಬೋಲ್ಟಿಗೆ ಬಿಗಿಯುವ ಲೋಹದ ಕಿವಿ, ಸುಟ್ಟು ಕಪ್ಪಾಗಿತ್ತು. ಬೋಲ್ಟ್ ಬೆರಳಿಗೇ ತಿರುಗಿತು.

ಆ ಲಗ್ಗನ್ನು ಹಾಕಿದ್ದು ಅವನೇ. ಆರು ವರ್ಷ ಯಾರೂ ಬಿಗಿಮಾಡದೆ, ಮೋಟಾರಿನ ಬಿಸಿಗೂ ಅದುರುವಿಕೆಗೂ ಅದು ಸಡಿಲವಾಗಿತ್ತು. ಫೋನ್ ತಲುಪಿದ್ದರೆ ಕಳೆದ ವರ್ಷವೇ ಬಂದು ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದ. ಎರಡು ಮೋಟಾರ್ ಸುಡುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳದಿದ್ದರೂ ನಡೆಯುತ್ತಿತ್ತು. ಅಲ್ಲಿದ್ದ ಇಬ್ಬರಿಗೂ ಅದು ತಿಳಿಯುವಂತಿರಲಿಲ್ಲ.

'ಸಿಕ್ತಾ?' ಎಂದರು ರಂಗಸ್ವಾಮಿ.

'ಸಿಕ್ತು. ನಾನು ಹಾಕಿದ್ದೇ ಸಡಿಲ ಆಗದೆ.'

'ಒಪ್ಕತಾನೆ ನೋಡ್ಲಾ,' ಎಂದು ಅವರು ಭೀಮನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಸುಟ್ಟ ತುದಿಯನ್ನು ಕತ್ತರಿಸಿ, ಕೇಬಲ್ ಸುಲಿದು, ಹೊಸ ಲಗ್ ಹಾಕಿ ಒತ್ತಿ ಬಿಗಿದ. ಉಳಿದ ಬೋಲ್ಟುಗಳನ್ನೂ ಒಂದೊಂದಾಗಿ ಬಿಗಿಮಾಡಿದ. ಕೆಂಪು ವೈರು ಕಿತ್ತು ಪ್ರಿವೆಂಟರನ್ನು ಮೊದಲಿನಂತೆ ಜೋಡಿಸಿದ. ಫ್ಯೂಸ್ ಹಾಕಿ, ಸ್ವಿಚ್ ಕೊಟ್ಟು, ಭೀಮನನ್ನೇ ಹಸಿರು ಗುಂಡಿ ಒತ್ತಲು ಕರೆದ. ಮೋಟಾರ್ ಹೊರಟಿತು. ಗುಂಯ್‌ಗುಟ್ಟುವ ಸದ್ದು ಇರಲಿಲ್ಲ. ಮೂವರೂ ನಿಂತು ಕಾದರು. ಐದು ನಿಮಿಷ, ಹತ್ತು, ಇಪ್ಪತ್ತು. ನಿಲ್ಲಲಿಲ್ಲ. ಬಳಿಕ ಫೇಸ್ ಹೋದರೆ ಏನಾಗುತ್ತದೆಂದು ತೋರಿಸಲು ಎಲ್ಲ ಆರಿಸಿ ಒಂದು ಫ್ಯೂಸ್ ಕಿತ್ತಿಟ್ಟು ಮತ್ತೆ ಸ್ವಿಚ್ ಕೊಟ್ಟ. ಭೀಮ ಗುಂಡಿ ಒತ್ತಿದ. ಮೋಟಾರ್ ಹೊರಡಲೇ ಇಲ್ಲ.

'ಈಗ ಇದ್ಕೆ ಬಾಯಿ ಬಂತು,' ಎಂದ ಭೀಮ.

ಫ್ಯೂಸ್ ಹಾಕಿ ಪಂಪು ಓಡಿಸಿದ ಮೇಲೆ ಕೀರ್ತಿರಾಜ್ ಪೆನ್ ತೆಗೆದ. ಚೀಟಿಯ ಹಳೆಯ ನಂಬರಿನ ಮೇಲೆ ಒಂದೇ ಗೆರೆ ಎಳೆದ, ಅದು ಓದಲು ಸಿಗುವ ಹಾಗೆ. ಪಕ್ಕದಲ್ಲಿ ಹೊಸದನ್ನು ಬರೆದ. ಕೆಳಗೆ, ಭೀಮನ ನೀರಿನ ಹೊತ್ತುಗಳನ್ನು ತಪ್ಪಿಸಿ, ತಾರೀಖಿನೊಂದಿಗೆ ಒಂದು ಸಾಲು: 'ಮೇನ್ ಸ್ವಿಚ್ ಲಗ್ ಸುಟ್ಟಿತ್ತು, ಬದಲಾಯಿಸಿದೆ. ಪ್ರಿವೆಂಟರ್ ಮತ್ತೆ ಜೋಡಿಸಿದೆ. ಕೀರ್ತಿರಾಜ್.' ಆರು ವರ್ಷದ ಅಂತರದ ಎರಡು ಬರಹ ಒಂದರ ಕೆಳಗೊಂದು ನಿಂತವು. ಅದೇ ದುಂಡು ಅಕ್ಷರ.

ಅದರ ಫೋಟೋ ತೆಗೆದು ಟ್ಯಾಂಕಿನ ನೆರಳಿನಲ್ಲಿ ಕೂತು ಎರಡನೆಯ ಮೆಸೇಜ್ ಬರೆದ. ಈ ಸಲ ಕತ್ತರಿಸಲು ರೂಪಶ್ರೀ ಬೇಕಾಗಲಿಲ್ಲ.

'ಸರ್, ನಮಸ್ಕಾರ. ಚೀಟಿಯ ನಂಬರ್ ನನ್ನ ಹಳೆಯದು. ಬದಲಾದ ಮೇಲೆ ಇಲ್ಲಿ ತಿದ್ದಿರಲಿಲ್ಲ, ಆದ್ದರಿಂದ ಇಲ್ಲಿನವರ ಕರೆ ನನಗೆ ಬರಲಿಲ್ಲ, ಬೇರೆಯವರು ಬೈಪಾಸ್ ಮಾಡಿದರು. ಮೂಲ ಕಾರಣ ನಾನು ಹಾಕಿದ ಲಗ್ ಸಡಿಲವಾಗಿದ್ದು. ಪಂಚಾಯಿತಿ ಸದಸ್ಯರ ಒಪ್ಪಿಗೆ ಪಡೆದು ಇಂದು ಸರಿಪಡಿಸಿದ್ದೇನೆ. ತಾವು ಬೋರ್ಡ್ ನೋಡುವ ಮೊದಲು ನಾನೇ ನೋಡಬೇಕಿತ್ತು. ಕ್ಷಮೆ ಇರಲಿ.'

ಕೆಲಸ ಕೊಡಿ ಎಂದು ಮತ್ತೆ ಬರೆಯಲಿಲ್ಲ. ಅದು ಮೊದಲನೆಯದರಲ್ಲಿತ್ತು.

ಫೋಟೋದ ಜೊತೆ ಕಳಿಸಿದ. ಓದಿದರೆಂಬ ಗುರುತಿಗೆ ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ಭೀಮ ಬೀಗರೂಟದ ಮನೆಯಿಂದ ಕಾಫಿ ತಂದುಕೊಟ್ಟ. ಕುಡಿದು, ಸಾಮಾನು ಚೀಲಕ್ಕೆ ತುಂಬಿ, ಬೈಕ್ ಹತ್ತುವಾಗ ಫೋನು ಒಮ್ಮೆ ಅದುರಿತು.

'ಈಗ ಮೂರು ಫೇಸ್ ಆಂಪ್ಸ್ ಎಷ್ಟು?'

ಕೀರ್ತಿರಾಜ್ ಬೈಕಿನಿಂದ ಇಳಿದು ಒಳಗೆ ಹೋದ. ಮೊದಲೇ ನೋಡಿದ್ದ ಅಂಕಿ ನೆನಪಿನಲ್ಲಿತ್ತು. ಆದರೂ ಮತ್ತೊಮ್ಮೆ ಮೀಟರ್ ಹಿಡಿದು ನೋಡಿ ಬರೆದ.

'15.1, 14.8, 15.3 ಸರ್. ಹತ್ತು ಎಚ್‌ಪಿ ಮೋಟಾರ್.'

ಈ ಸಲ ಉತ್ತರ ಬೇಗ ಬಂತು.

'ಬುಧವಾರ ಎಂಟು ಗಂಟೆ, ಅರಕಲಗೂಡು ಬಸ್ ಸ್ಟ್ಯಾಂಡ್ ಹತ್ತಿರ. ಪರ್ಮಿಟ್ ಮೂಲಪ್ರತಿ, ಎರಡು ಫೋಟೋ ತನ್ನಿ.'

ಬುಧವಾರ ಏಳೂಮುಕ್ಕಾಲಿಗೇ ಅವನು ಅಲ್ಲಿದ್ದ. ಬಿಳೀ ಕಾರಿನಿಂದ ಇಳಿದವರು ಕೃಶ ದೇಹದ, ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಅರವತ್ತರ ಹತ್ತಿರದ ವ್ಯಕ್ತಿ. ಪರ್ಮಿಟ್ ತಿರುಗಿಸಿ ನೋಡಿ, ತಾರೀಖು ಓದಿ, ಕಾರಿನ ಬಾನೆಟ್ ಮೇಲೆ ಕೆಲಸಗಾರರ ಪಟ್ಟಿಗೆ ಸೇರಿಸುವ ಫಾರಂ ಇಟ್ಟು ಸಹಿ ಮಾಡಿಸಿಕೊಂಡರು. ಹೊನ್ನೇನಕೊಪ್ಪಲಿನ ಮಾತು ಎತ್ತಲಿಲ್ಲ. ಕಾರಿನ ಬಾಗಿಲು ತೆಗೆಯುವಾಗ ಮಾತ್ರ ಕೇಳಿದರು:

'ಆ ಹಳೇ ನಂಬರ್ ಇರೋ ಬೋರ್ಡುಗಳು ಇನ್ನೂ ಎಷ್ಟಿವೆ?'

ಕೀರ್ತಿರಾಜ್ ಅದನ್ನು ಆಗಲೇ ಲೆಕ್ಕ ಹಾಕಿದ್ದ. ಚನ್ನರಾಯಪಟ್ಟಣದ ಕಡೆ ಎರಡು ಕಲ್ಯಾಣ ಮಂಟಪ, ಒಂದು ಹಿಟ್ಟಿನ ಗಿರಣಿ, ಹೊಳೆನರಸೀಪುರ ರಸ್ತೆಯ ಕೋಳಿ ಫಾರಂ, ಉಳಿದವು ತೋಟದ ಪಂಪುಗಳು.

'ಹನ್ನೊಂದು ಸರ್.'

'ನಮ್ಮಲ್ಲಿ ಭಾನುವಾರ ರಜೆ,' ಎಂದರು ವರದರಾಜರು. 'ಮುಂದಿನ ತಿಂಗಳೊಳಗೆ ತಿದ್ದಿ ಬನ್ನಿ.'

ಕಾರು ಹೊರಟಿತು. ಕೀರ್ತಿರಾಜ್ ಬೈಕಿನಲ್ಲಿ ಅದರ ಹಿಂದೆ ಹೊಸ ಪಂಪ್‌ಹೌಸಿನ ಕಡೆ ಹೊರಟ. ಜೇಬಿನಲ್ಲಿ ನೀಲಿ ಪೆನ್ನಿತ್ತು, ಚೀಲದಲ್ಲಿ ಹೊಸ ಸೆಲೋಟೇಪ್ ಇತ್ತು.